ನನ್ನ ಕೈಯಿಂದ ಇಳಿಯದ ನೀರು

ಮೊಮ್ಮಗಳಿಗೆ ಅಜ್ಜಿಯರು ಇಬ್ಬರು. ನಾನೊಬ್ಬಳು, ಇಂಗಳೇಶ್ವರದಲ್ಲಿ ದಿನಬೆಳಗಾದರೆ ಅವಳ ಮುಖ ತೊಳೆಯುವವಳು. ಇನ್ನೊಬ್ಬಳು ಸೊಸೆಯ ತಾಯಿ, ನನ್ನ ಬೀಗತಿ, ಮೋರಟಗಿಯಲ್ಲಿ ಕುರಿ ಸಾಕಿಕೊಂಡು ಇರುವವಳು, ವರ್ಷಕ್ಕೆ ನಾಲ್ಕು ಸಲ ಬಂದು ಹೋಗುವವಳು. ಮಾತು ಬಂದ ಹೊಸತರಲ್ಲಿ ಕೂಸು ನನ್ನನ್ನು ‘ಆಯಿ’ ಅಂತಿತ್ತು, ಆಕೆಯನ್ನು ‘ಮೋರಟಗಿ ಆಯಿ’ ಅಂತಿತ್ತು. ಮೂರು ತುಂಬುವ ಹೊತ್ತಿಗೆ ಅದೇನಾಯಿತೋ, ಆಕೆ ಬರೀ ‘ಆಯಿ’ ಆದಳು, ನಾನು ‘ಮನೀ ಆಯಿ’ ಆದೆ. ಮನೆಯ ಕಂಬ, ಮನೆಯ ಬೆಕ್ಕು, ಮನೆಯ ಆಯಿ. ಇದನ್ನು ನಾನು ನಗುತ್ತ ಎಲ್ಲರಿಗೂ ಹೇಳುತ್ತಿದ್ದೆ. ಹೇಳುವಾಗ ನಗು ಬಾಯಲ್ಲಿ ಮಾತ್ರ ಇರುತ್ತಿತ್ತು. ಒಳಗೆ ಹೊಟ್ಟೆ ಉರಿಯುತ್ತಿತ್ತು, ಅದನ್ನು ಮುಚ್ಚಿಟ್ಟು ಈಗೇನು ಉಪಯೋಗ?

ನಾನು ಮೂವತ್ತು ವರ್ಷ ಅಂಗನವಾಡಿ ನಡೆಸಿದವಳು. ಊರಲ್ಲಿ ಇವತ್ತಿಗೂ ನನ್ನನ್ನು ಅಕ್ಕೋರು ಅನ್ನುತ್ತಾರೆ. ಭೇದಿ ಹತ್ತಿದ ಮಕ್ಕಳಿಗೆ ಓ.ಆರ್.ಎಸ್. ಕಲಸಿ ಕುಡಿಸುವುದನ್ನು ಈ ಊರಿನ ಎರಡು ತಲೆಮಾರಿನ ತಾಯಂದಿರಿಗೆ ಕಲಿಸಿದ್ದೇನೆ. ಕಣ್ಣು ಒಳಸೇರಿದ್ದಾವೇನು, ನಾಲಿಗೆ ಒಣಗಿದೆಯೇನು, ಅಳುವಾಗ ಕಣ್ಣೀರು ಬರುತ್ತದೇನು, ಎಷ್ಟು ಸಲ ಉಚ್ಚೆ ಹೊಯ್ದಿದೆ, ಇದನ್ನೆಲ್ಲ ನಾನು ಗೋಡೆಯ ಚಿತ್ರಗಳ ಮೇಲೆ ಕೋಲಿಟ್ಟು ತೋರಿಸಿದವಳು. ಬೀಗತಿಗೆ ಸಹಿ ಮಾಡಲೂ ಬರುವುದಿಲ್ಲ. ಆಕೆ ಬಂದಾಗ ಸೀರೆಯಿಂದ ಕುರಿಯ ವಾಸನೆ ಬರುತ್ತದೆ ಎಂದು ನಾನು ಸೊಸೆಗೆ ಕೇಳಿಸುವ ಹಾಗೆ ಹೇಳಿ ಊದುಬತ್ತಿ ಹಚ್ಚಿದ್ದೂ ಉಂಟು. ನನ್ನಪ್ಪನೂ ಕುರಿ ಕಾಯುತ್ತಿದ್ದವನೇ. ಆಮೇಲೆ ಕುರಿ ಮಾರಿ ಇಂಡಿಯಲ್ಲಿ ಲಿಂಬೆಯ ತೋಟ ಮಾಡಿದ, ಅಷ್ಟೇ ವ್ಯತ್ಯಾಸ.

ಹೋದ ಶ್ರಾವಣದಲ್ಲಿ ಒಂದು ಸೋಮವಾರ ಕೂಸಿಗೆ ಜ್ವರ ಬಂತು. ಮಂಗಳವಾರ ಬೆಳಿಗ್ಗೆ ಹಾಲಿನ ಲೋಟ ತುಟಿಗೆ ತಾಗಿದ ಕೂಡಲೇ ಕಿಟಾರನೆ ಕಿರುಚಿ ಮುಖ ತಿರುವಿಕೊಂಡಳು. ಬಾಯಿಂದ ಜೊಲ್ಲು ಎಳೆ ಎಳೆಯಾಗಿ ಇಳಿಯುತ್ತಿತ್ತು. ಸೊಸೆ ಹೂವಿನ ಹಿಪ್ಪರಗಿಯ ಶಾಲೆಯಲ್ಲಿ ಟೀಚರು, ಎಂಟೂವರೆಯ ಬಸ್ಸಿಗೆ ಹೋಗಬೇಕು. ಮಗ ಲಾರಿ ಹೊಡೆಯುತ್ತಾನೆ, ಆ ವಾರ ಸೋಲಾಪುರದ ಕಡೆ ಇದ್ದ. ಸೊಸೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು.

“ಅತ್ತಿ, ಇವತ್ತ ರಜಾ ಹಾಕ್ಲೇನ್ರಿ?”

“ನಾ ಇಲ್ಲೇನು? ಊರ ಮಕ್ಕಳನ್ನೆಲ್ಲ ನೋಡೇನಿ, ನನ್ನ ಮೊಮ್ಮಗಳನ್ನ ನೋಡಾಕ ಬರೂದಿಲ್ಲೇನು? ನೀ ಹೋಗು,” ಅಂದೆ.

ಆಕೆ ಹೋದ ಮೇಲೆ ನಾನು ಶಿಸ್ತಾಗಿ ಕೈ ತೊಳೆದೆ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಪಾಕೀಟು ಓ.ಆರ್.ಎಸ್. ಕಲಸಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಸರಿಯಿತ್ತು. ಆದರೆ ತವರಿನ ಲಿಂಬೆಹಣ್ಣು ಬುಟ್ಟಿಯ ತುಂಬ ಇದ್ದವು. ನಮ್ಮ ಇಂಡಿಯ ಕಡೆಯವರಿಗೆ ಸಾರಿಗೆ ಲಿಂಬೆ, ಚಹಕ್ಕೆ ಲಿಂಬೆ, ಪಿತ್ತಕ್ಕೆ ಲಿಂಬೆ, ದೃಷ್ಟಿಗೂ ಲಿಂಬೆ. ರುಚಿಯಾದರೆ ಕುಡಿದಾಳು ಅಂತ ಅರ್ಧ ಹೋಳು ಹಿಂಡಿದೆ. ಜ್ವರದ ಮಗುವಿಗೆ ಥಂಡಿ ಆಗಬಾರದೆಂದು ಉಗುರುಬೆಚ್ಚಗೆ ಮಾಡಿದೆ.

ಒಂದು ಗುಟುಕು ಬಾಯಿಗೆ ಹೋಯಿತು. ಆ ಕೂಸು ಒದರಿದ ರೀತಿಗೆ ಪಕ್ಕದ ಮನೆಯವರು ಬಂದು ಇಣುಕಿದರು. ಅವರ ಮುಂದೆ ನನಗೆ ಅವಮಾನವಾಯಿತು. ಅಕ್ಕೋರ ಮೊಮ್ಮಗಳೇ ಅಕ್ಕೋರ ಕೈಯ ನೀರು ಕುಡಿಯಲಿಲ್ಲ ಅಂದರೆ ಹೇಗೆ? ಅವರು ಹೋದ ಮೇಲೆ, ಕೂಸುಗಳಿಗೆ ನಮ್ಮ ಹಿರಿಯರು ಮಾಡುತ್ತಿದ್ದದ್ದನ್ನೇ ಮಾಡಿದೆ. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಅಂಗಾತ ಹಾಕಿಕೊಂಡು, ಎಡಗೈಯಿಂದ ಗಲ್ಲ ಒತ್ತಿ ಹಿಡಿದು, ಬಾಣಂತನದಲ್ಲಿ ಕೂಸಿಗೆ ಹಾಲು ಹೊಯ್ಯುವ ಮೂತಿ ಬಟ್ಟಲಿನಿಂದ ಗಂಟಲಿಗೆ ಸುರಿದೆ. ಅರ್ಧ ಮೂಗಿಗೆ ಬಂತು. ಕೂಸು ಕೆಮ್ಮಿ ಕೆಮ್ಮಿ ಕೆಂಪಾಗಿ, ಉಸಿರು ಕಟ್ಟಿದ ಹಾಗಾಯಿತು. ಎತ್ತಿ ಬೆನ್ನು ಸವರಿದೆ. ಸುಧಾರಿಸಿಕೊಂಡ ಮೇಲೆ ಅವಳು ನನ್ನಿಂದ ಸರಿದು ಗೋಡೆಗೆ ಒತ್ತಿ ಕೂತಳು. ಆಮೇಲೆ ನಾನು ಲೋಟ ಹಿಡಿದು ಹತ್ತಿರ ಹೋದರೆ ಸಾಕು, ಎರಡೂ ಕೈ ಬಾಯಿಗೆ ಮುಚ್ಚಿಕೊಳ್ಳುತ್ತಿದ್ದಳು.

“ಆಯಿ ಬೇಕು,” ಅಂದಳು.

“ಇಲ್ಲೇ ಅದೀನಲ್ಲವಾ, ನಿಮ್ಮ ಆಯಿ.”

“ನೀ ಅಲ್ಲ.”

ಮೂರು ವರ್ಷದ ಕೂಸಿನ ಮಾತಿಗೆ ಅರವತ್ತೆರಡರ ಹೆಂಗಸು ಸಿಟ್ಟಾಗಬಾರದು. ನಾನು ಆದೆ. ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸಪ್ಪಳ ಮಾಡಿದೆ.

ಸಂಜೆ ಐದಕ್ಕೆ ಅಂಗಳದ ಕಲ್ಲಿನ ಮೇಲೆ ಒಂದು ಸಲ ಉಚ್ಚೆ ಹೊಯ್ದಳು. ಅಂಗೈಯಗಲ ತೊಯ್ದಿತು, ಅಷ್ಟೇ. ಬಣ್ಣ ಅರಿಷಿಣ ಕದಡಿದ ಹಾಗೆ ಗಾಢ. ನಾನು ಅದನ್ನು ನೋಡಿದೆ, ನೋಡಿಯೂ ತಲೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಮೂವತ್ತು ವರ್ಷ ನಾನು ನೀರು ಕಡಿಮೆಯಾಗುವುದನ್ನು ಭೇದಿ ವಾಂತಿಯ ಮಕ್ಕಳಲ್ಲೇ ನೋಡಿದ್ದೆ. ಇವಳಿಗೆ ಭೇದಿಯಿಲ್ಲ, ವಾಂತಿಯಿಲ್ಲ. ಮೇಲಾಗಿ ಬಾಯಿಂದ ಜೊಲ್ಲು ಸುರಿಯುತ್ತಿದೆ, ಬಾಯಿ ಒಣಗಿಲ್ಲ. ಭೇದಿ ವಾಂತಿಯಲ್ಲಿ ಹೊರಗೆ ಹೋಗದ ನೀರು ಕಡಿಮೆಯಾಗುವುದು ಹೇಗೆ ಅಂತ ನನ್ನ ಲೆಕ್ಕ. ಒಳಗೆ ಹೋಗದಿದ್ದರೂ ಕಡಿಮೆಯಾಗುತ್ತದೆ, ಜ್ವರವೂ ಮೈಯ ನೀರನ್ನು ಹೀರುತ್ತದೆ ಅನ್ನುವುದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದದ್ದು ಆ ದಿನ ನೆನಪಿಗೆ ಬರಲಿಲ್ಲ.

ಆರಕ್ಕೆ ಸೊಸೆ ಬಂದಳು. ಚೀಲ ಇಳಿಸುವ ಮೊದಲೇ ಕೇಳಿದಳು.

“ಎಷ್ಟ ಕುಡದಾಳ್ರಿ ಅತ್ತಿ? ಕುಡದಿಲ್ಲಂದ್ರ ನಮ್ಮ ಅವ್ವಗ ನಾಳೆ ಬಾ ಅಂತ ಫೋನ್ ಮಾಡ್ತೇನಿ. ಆಕೀ ಕೈಯಾಗ ಕುಡೀತಾಳ.”

ಆಕೀ ಕೈಯಾಗ ಕುಡೀತಾಳ. ಆ ಮೂರು ಶಬ್ದ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ನಟ್ಟವು.

“ಎರಡ ಲೋಟ ಕುಡದಾಳ. ಮೂರ ಸಲ ಉಚ್ಚಿ ಹೊಯ್ದಾಳ. ಯಾರನ್ನೂ ಕರಸೂದ ಬ್ಯಾಡ,” ಅಂದೆ.

ಇದನ್ನು ಬರೆಯುವಾಗಲೂ ಕೈ ನಿಲ್ಲುತ್ತದೆ. ಹೆದರಿ ಹೇಳಿದ ಸುಳ್ಳಲ್ಲ ಅದು. ಬೀಗತಿ ಬರಬಾರದು ಅಂತ ಹೇಳಿದ ಸುಳ್ಳು. ಸೊಸೆ ನಂಬಿದಳು. ಬಾಗೇವಾಡಿಯ ಡಾಕ್ಟರಿಗೆ ಆವತ್ತೇ ತೋರಿಸೋಣ ಅಂದುಕೊಂಡು ಬಂದಿದ್ದವಳು ಚಪ್ಪಲಿ ಕಳಚಿ ಒಳಗೆ ಬಂದಳು. ಆದರೂ ತಾಯಿಗೆ ಫೋನ್ ಮಾಡಿಯೇ ಮಾಡಿದಳು. ತಾಯಿಯ ಜೊತೆ ಮಾತಾಡುವುದಕ್ಕೆ ನನ್ನ ಅಪ್ಪಣೆ ಯಾಕೆ ಬೇಕು?

ಬುಧವಾರ ಬೀಗತಿ ಬೆಳಗಿನ ಮೊದಲ ಬಸ್ಸಿಗೆ ಮೋರಟಗಿ ಬಿಟ್ಟು, ಸಿಂದಗಿಯಲ್ಲಿ ಬಸ್ಸು ಬದಲಿಸಿ, ಬಾಗೇವಾಡಿಯಿಂದ ಯಾರದೋ ಬೈಕಿನ ಹಿಂದೆ ಕೂತು ಹತ್ತರ ಹೊತ್ತಿಗೆ ನಮ್ಮ ಕಟ್ಟೆಯ ಮುಂದೆ ಇಳಿದಳು. ಮೊಮ್ಮಗಳನ್ನು ನೋಡಲು ಬರುವುದಕ್ಕೂ ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದಳು. ರಾತ್ರಿ ಕೂಸು ಏನೂ ಕುಡಿಯದೆ ನಿದ್ದೆಹೋಗಿದ್ದಕ್ಕೆ ಸೊಸೆ ಆ ದಿನ ರಜೆ ಹಾಕಿದ್ದಳು. ಕೂಸು ಹಾಸಿಗೆಯಲ್ಲಿ ಬಿದ್ದುಕೊಂಡಿತ್ತು. ಆಯಿ ಬಂದಳೆಂದರೆ ಓಡಿ ಹೋಗಿ ಕಾಲು ತಬ್ಬುವವಳು ಬರೀ ಕಣ್ಣು ತಿರುಗಿಸಿ ನೋಡಿದಳು.

“ಜೊಲ್ಲ ನಿಂತೈತಿ ನೋಡ್ರಿ. ನಿನ್ನಿಕಿಂತ ಆರಾಮ,” ಅಂದೆ ನಾನು.

ಬೀಗತಿ ಕೈಕಾಲು ತೊಳೆದು ಬಂದು ಕೂಸಿನ ಅಂಗೈ ಬಿಡಿಸಿ ನೋಡಿದಳು. ಅಂಗೈಯಲ್ಲಿ, ಅಂಗಾಲಿನಲ್ಲಿ ಸಣ್ಣ ಕೆಂಪು ಗುಳ್ಳೆಗಳು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ. ದಿನವಿಡೀ ಎದುರಿಗಿದ್ದ ನಾನು ಅದನ್ನು ನೋಡಿರಲಿಲ್ಲ.

“ಬಾಯಿಬ್ಯಾನಿ ಇದ್ದಂಗ ಐತ್ರಿ. ನಮ್ಮ ಕುರಿಮರಿಗೂ ಬಾಯಾಗ ಹಿಂಗ ಹುಣ್ಣ ಆಗ್ತಾವ. ಹಸಿವಿ ಇರ್ತೈತಿ, ನುಂಗಾಕ ಬ್ಯಾನಿ,” ಅಂದಳು.

“ನನ್ನ ಮೊಮ್ಮಗಳು ಕುರಿಮರಿ ಅಲ್ರಿ ಬೀಗತೇರ.”

“ಅಲ್ಲಳ್ರಿ,” ಅಂದಳು, ಸಹಜವಾಗಿ. ಜಗಳಕ್ಕೂ ಒದಗದ ಹೆಂಗಸು. ಆಮೇಲೆ ಮಗಳ ಕಡೆ ತಿರುಗಿ, “ಉಚ್ಚಿ ಯಾವಾಗ ಹೊಯ್ದಾಳ?” ಅಂತ ಕೇಳಿದಳು.

“ಇವತ್ತ ಇನ್ನಾ ಇಲ್ಲ ಯವ್ವಾ. ನಿನ್ನಿ ಮೂರ ಸಲ ಹೊಯ್ದಾಳಂತ. ಎರಡ ಲೋಟ ಕುಡದಾಳಂತ. ಅತ್ತಿ ನೋಡ್ಯಾರ.”

ಬೀಗತಿಯ ಹಣೆಯ ಗೆರೆ ಸಡಿಲಾದವು. “ಹಂಗಾರ ಅಂಜೂದ ಬ್ಯಾಡ. ಮಧ್ಯಾನ್ನತನಾ ಮನಿಯಾಗ ನೋಡೂನು. ಅಕ್ಕೋರು ನೋಡ್ಯಾರಂದ್ರ ಆತಲ್ಲ,” ಅಂದಳು.

ಆಕೆ ತಣ್ಣಗಿನ ತಿಳಿ ಮಜ್ಜಿಗೆ ತಂದು ಚಮಚದ ತುದಿಯನ್ನು ಕೂಸಿನ ತುಟಿಗೆ ಮುಟ್ಟಿಸಿದಳು. ನಾನು ಬಾಗಿಲ ಚೌಕಟ್ಟಿಗೆ ಆತು ನಿಂತು ನೋಡುತ್ತಿದ್ದೆ. ಕೂಸು ಮುಖ ತಿರುವಿಕೊಂಡಳು. ಎರಡೂ ಕೈ ಬಾಯಿಗೆ ಮುಚ್ಚಿಕೊಂಡಳು, ನನಗೆ ಮಾಡಿದ ಹಾಗೆಯೇ. ಆಗ ನನಗೆ ಸಂತೋಷವಾಯಿತು. ಹೌದು, ಸಂತೋಷವೇ. ‘ನಿನ್ನ ಕೈಯಿಂದಲೂ ಕುಡಿಯಲಿಲ್ಲ ನೋಡು’ ಅಂತ ಒಳಗಿನಿಂದ ಒಂದು ಮಾತು ಎದ್ದು ನಾಲಿಗೆಯ ತುದಿಗೆ ಬಂತು.

ಅಷ್ಟರಲ್ಲಿ ಕೂಸು ಅತ್ತಳು. ಬಾಯಿ ಅಗಲವಾಗಿ ತೆರೆದು, ಮುಖ ಹಿಂಡಿಕೊಂಡು ಅತ್ತಳು. ಕಣ್ಣು ಒಣಗಿಯೇ ಇದ್ದವು. ತುಟಿಗೆ ಸಿಪ್ಪೆ ಎದ್ದಿತ್ತು. ತೆರೆದ ಬಾಯಲ್ಲಿ ನಾಲಿಗೆ ಅಂಟು ಅಂಟಾಗಿತ್ತು. ಜೊಲ್ಲು ನಿಂತದ್ದು ಆರಾಮಾಗಿ ಅಲ್ಲ, ಜೊಲ್ಲಿಗೂ ನೀರಿರಲಿಲ್ಲ. ನಾನು ಕೋಲಿಟ್ಟು ತೋರಿಸುತ್ತಿದ್ದ ಚಿತ್ರ ನಮ್ಮದೇ ಹಾಸಿಗೆಯ ಮೇಲೆ ಕೂತು ಅಳುತ್ತಿತ್ತು. ಇವರಿಬ್ಬರೂ ಮಧ್ಯಾಹ್ನದ ತನಕ ಕಾಯುವುದಕ್ಕೆ ಕೂತಿದ್ದರು, ನನ್ನ ಮಾತು ನಂಬಿ.

ನಾನು ಹೇಳಿಬಿಟ್ಟೆ. “ಸುಳ್ಳ ಹೇಳೇನಿ. ಎರಡ ಲೋಟ ಕುಡದಿಲ್ಲ. ಒಂದ ಗುಟುಕ ಕುಡದಿರಬೇಕು. ಉಚ್ಚಿ ನಿನ್ನಿ ಸಂಜಿ ಐದಕ್ಕ ಒಂದ ಸಲ, ಅದೂ ಚೂರ. ಆಮ್ಯಾಲ ಇಲ್ಲ.”

ಸೊಸೆ ನನ್ನನ್ನು ನೋಡಿದಳು. ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಬೀಗತಿ ಮಾತ್ರ ಚಮಚ ಕೆಳಗಿಟ್ಟು ಎದ್ದಳು. “ಈಗರೆ ಹೇಳಿದ್ರಲ್ಲ. ಏಳ್ರಿ, ಬಾಗೇವಾಡಿಗೆ ನಡೀರಿ,” ಅಂದಳು.

ಓಣಿಯ ಟಂಟಂ ಆಟೋ ಹಿಡಿದು ಬಾಗೇವಾಡಿಯ ಮಕ್ಕಳ ಡಾಕ್ಟರ ದವಾಖಾನೆಗೆ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನವರು. ಬ್ಯಾಟರಿ ಹಾಕಿ ಬಾಯಿ ನೋಡಿದರು. ಗಂಟಲಿನ ಹತ್ತಿರ, ನಾಲಿಗೆಯ ಅಂಚಿಗೆ, ಗಲ್ಲದ ಒಳಗೆ ಹುಣ್ಣು. ಕೈ, ಕಾಲು, ಬಾಯಿಗೆ ಗುಳ್ಳೆ ಏಳಿಸುವ ವೈರಸ್ಸಿನ ಜ್ವರ, ವಾರದಲ್ಲಿ ತಾನಾಗಿ ಹೋಗುತ್ತದೆ, ಅಲ್ಲಿಯವರೆಗೆ ನೀರು ಒಳಗೆ ಹೋಗುವ ಹಾಗೆ ನೋಡಿಕೊಳ್ಳುವುದೇ ಮುಖ್ಯ ಔಷಧ ಅಂದರು. ತೂಕ ಹಾಕಿದರು. ಹೋದ ತಿಂಗಳು ನಾನೇ ಅಂಗನವಾಡಿಯ ತಕ್ಕಡಿಯಲ್ಲಿ ಹಾಕಿದಾಗ ಹನ್ನೆರಡೂವರೆ ಕಿಲೋ ಇದ್ದಳು, ಈಗ ಹನ್ನೆರಡು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟು ನೋಡಿದರು, ಅದು ಕೂಡಲೇ ಮೊದಲಿನ ಹಾಗೆ ಕೂತಿತು.

“ಇನ್ನಾ ಕೈ ಮೀರಿಲ್ರಿ. ಏನ ಕೊಟ್ಟಿದ್ರಿ ನಿನ್ನಿ?”

ಹೇಳಿದೆ. ಲಿಂಬೆಯದನ್ನೂ, ಮೂತಿ ಬಟ್ಟಲಿನದನ್ನೂ. ಅವರು ನಗಲಿಲ್ಲ, ಬೈಯಲೂ ಇಲ್ಲ. “ಹುಣ್ಣಿಗೆ ಲಿಂಬಿ ಬಿದ್ರ ಉರೀತೈತಿ ಅಜ್ಜಿ. ಹುಳಿ, ಖಾರ, ಬಿಸಿ ಯಾವ್ದೂ ಬ್ಯಾಡ. ಓ.ಆರ್.ಎಸ್.ಗೆ ಏನೂ ಕೂಡಸಬಾರದು. ಅಂಗಾತ ಹಾಕಿ ಸುರದ್ರ ಉಸರಿನ ಕೊಳವಿಗೆ ಹೋಗ್ತೈತಿ. ಮದಲ ಬ್ಯಾನಿ ಕಮ್ಮಿ ಆಗ್ಲಿ, ಆಮ್ಯಾಲ ನೀರ.”

ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಔಷಧ ಅಳೆದು ಹಾಕಿಸಿದರು. ಅರ್ಧ ತಾಸು ಬಿಟ್ಟು ಸಿಸ್ಟರು ಫ್ರಿಜ್ಜಿನಿಂದ ತಣ್ಣಗಿನ ಓ.ಆರ್.ಎಸ್. ಬಾಟಲಿ, ಸೂಜಿಯಿಲ್ಲದ ಒಂದು ಸಿರಿಂಜು ತಂದಿಟ್ಟರು. ಜ್ವರಕ್ಕೆ ಥಂಡಿ ನೀರು ಕೊಡುವುದೇ ಅಂತ ನಾನು ಬಾಯಿ ತೆರೆದೆ. ಥಂಡಿಯಿಂದ ಹುಣ್ಣಿನ ನೋವು ಕಡಿಮೆಯಾಗುತ್ತದೆ, ಕೆಡುಕೇನೂ ಇಲ್ಲ ಅಂದರು. ಒಂದೆರಡು ನಿಮಿಷಕ್ಕೊಮ್ಮೆ ಐದು ಎಂ.ಎಲ್., ಕೂರಿಸಿಕೊಂಡು, ಗಲ್ಲದ ಒಳಗಡೆ ನಿಧಾನಕ್ಕೆ. ನಾಲ್ಕು ತಾಸು ನೋಡುವುದು, ಅಷ್ಟರಲ್ಲಿ ಕುಡಿದು ಉಚ್ಚೆ ಹೊಯ್ದರೆ ಮನೆಗೆ, ಕುಡಿಯದಿದ್ದರೆ ಸಲೈನ್ ಹಚ್ಚುವುದು.

ಸಿರಿಂಜು ಮೊದಲು ನಾನು ತೆಗೆದುಕೊಂಡೆ. ಯಾರೂ ಕೊಟ್ಟಿರಲಿಲ್ಲ, ನಾನೇ ಕೈ ಚಾಚಿದೆ. ಕೂಸು ಬೀಗತಿಯ ತೊಡೆಯ ಮೇಲಿಂದಲೇ ನನ್ನನ್ನು ನೋಡಿ ಹಲ್ಲು ಕಚ್ಚಿಕೊಂಡಳು. ಅವಸರಕ್ಕೆ ನಾನು ಒತ್ತಿದ್ದು ಜೋರಾಯಿತು, ನಾಲಿಗೆಯ ಮೇಲೆ ಬಿತ್ತು, ಉಗುಳಿದಳು. ಇನ್ನೊಮ್ಮೆಗೆ ಹೋದರೆ ಸೊಸೆ ಮೆಲ್ಲಗೆ ಅಂದಳು:

“ಅತ್ತಿ, ಅವ್ವನ ಕೈಯಾಗ ಕೊಡ್ರಿ.”

ಕೊಟ್ಟೆ.

ಬೀಗತಿ ಮೊದಲು ಕುಡಿಸಲೇ ಇಲ್ಲ. ಸಿರಿಂಜನ್ನು ಕೂಸಿನ ಕೈಗೆ ಕೊಟ್ಟು ಬಾಟಲಿಯಿಂದ ಎಳೆಯುವುದನ್ನು ಸಿಸ್ಟರ ಹತ್ತಿರ ಕಲಿತು ಕಲಿಸಿದಳು. ತನ್ನ ಬಾಯಿ ತೆರೆದು, “ನನಗ ಹಾಕು,” ಅಂದಳು. ಕೂಸು ಹಾಕಿತು. ಆಕೆ ಚಪ್ಪರಿಸಿದಳು. ಒಬ್ಬರ ಬಾಯಿಗಿಟ್ಟದ್ದನ್ನು ಇನ್ನೊಬ್ಬರಿಗೆ ಇಡಬಾರದು ಅಂತ ಸಿಸ್ಟರು ಇನ್ನೊಂದು ಸಿರಿಂಜು ತಂದುಕೊಟ್ಟರು. ಆಮೇಲೆ ಬೀಗತಿ ಕೂಸಿನ ತಲೆಯನ್ನು ತನ್ನ ಎದೆಗೆ ಆನಿಸಿಕೊಂಡು, ತುಟಿಯ ಮೂಲೆಯಿಂದ ಗಲ್ಲದ ಒಳಗೆ ನಾಲ್ಕು ಹನಿ ಬಿಟ್ಟು ಸುಮ್ಮನೆ ಕೂತಳು. ನುಂಗುವಾಗ ಕೂಸಿನ ಮುಖ ಕಿವಿಚಿತು. ಆದರೆ ನುಂಗಿತು.

“ನಾಲಿಗಿ ಮ್ಯಾಲ ಹಾಕಬಾರದ್ರಿ ಬೀಗತೇರ. ಬಾಜುಕ ಬಿಟ್ಟು, ಅದು ನುಂಗೂತನಾ ಕಾಯಬೇಕು. ನಮ್ಮ ಮರಿಗೆ ಹಿಂಗ ಮಾಡ್ತೇವಿ,” ಅಂದಳು. ನನಗೆ ಕಲಿಸುವ ಠೀವಿ ಅದರಲ್ಲಿ ಇರಲಿಲ್ಲ. ಇದ್ದಿದ್ದರೆ ಆಕೆಯನ್ನು ದ್ವೇಷಿಸುವುದು ನನಗೆ ಸುಲಭವಾಗುತ್ತಿತ್ತು.

ಸಿಸ್ಟರು ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಎಷ್ಟು ಗಂಟೆಗೆ ಎಷ್ಟು ಕುಡಿದಳು, ಉಗುಳಿದಳೋ, ಉಚ್ಚೆ ಹೊಯ್ದಳೋ, ಬರೆಯಿರಿ ಅಂದರು. ಬರೆಯಲು ಬರುವವಳು ಅಂದರೆ ನಾನು ಮತ್ತು ಸೊಸೆ. ಸೊಸೆ ಹಾಳೆಯನ್ನು ನನ್ನ ಕಡೆಗೇ ಸರಿಸಿದಳು. ಅದು ನಂಬಿಕೆಯೋ ಶಿಕ್ಷೆಯೋ ನನಗೆ ಇನ್ನೂ ಗೊತ್ತಿಲ್ಲ. ಗೋಡೆಯ ಗಡಿಯಾರ ನೋಡುತ್ತ ನಾನು ಗೆರೆ ಹೊಡೆದು ಬರೆಯತೊಡಗಿದೆ. ಐದು. ಐದು. ಐದು, ಅರ್ಧ ಉಗುಳಿದಳು. ಐದು.

ಒಂದೊಂದು ಐದಕ್ಕೂ ನನ್ನೊಳಗೆ ಎರಡು ಸಂಗತಿ ಒಟ್ಟಿಗೆ ನಡೆಯುತ್ತಿದ್ದವು. ಇಳಿಯಲಿ ಶಿವನೇ, ಇಳಿಯಲಿ ಅನ್ನುವುದು ಒಂದು. ಆ ಕೈ ನನ್ನದಾಗಬಾರದಿತ್ತೇ ಅನ್ನುವುದು ಇನ್ನೊಂದು. ಬೀಗತಿಯ ಬೆರಳು ನೋಡುತ್ತಿದ್ದೆ. ಕುಡುಗೋಲು ಹಿಡಿದು ಒರಟಾದ ಬೆರಳು, ಉಗುರಿನಲ್ಲಿ ಕಪ್ಪು ಗೆರೆ. ಬರುವಾಗಲೇ ತಿಕ್ಕಿ ತೊಳೆದದ್ದನ್ನು ಕಂಡಿದ್ದೆ, ಆದರೂ ಅಲ್ಲಿ ಕೊಳೆ ಹುಡುಕುತ್ತಿದ್ದೆ. ಹೊಟ್ಟೆಕಿಚ್ಚಿನ ಕಣ್ಣಿಗೆ ಕೆಲಸ ಬೇಕಲ್ಲ.

ಒಂದು ತಾಸಿನ ಮೇಲೆ ಕೂಸು ಸಿರಿಂಜನ್ನು ತಾನೇ ಬಾಯಿಗೆ ಇಟ್ಟುಕೊಂಡಳು. ಎರಡು ತಾಸಿನ ಹೊತ್ತಿಗೆ ಸಿಸ್ಟರು ತಣ್ಣಗಿನ ಸಪ್ಪೆ ಮೊಸರು ಎರಡು ಚಮಚ ಕೊಟ್ಟು ನೋಡಿರೆಂದರು, ಅದೂ ಹೋಯಿತು. ಯಾತಕ್ಕೋ ಹಟ ಮಾಡಿ ಅತ್ತಾಗ ಎಡಗಣ್ಣಿನ ಮೂಲೆಯಲ್ಲಿ ಒಂದು ಹನಿ ಕೂತಿತು. ನಾನು ಅದನ್ನೂ ಬರೆದೆ. ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಅಂಚಿನಲ್ಲಿ ಬರೆದೆ. ಆದರೆ ಉಚ್ಚೆ ಇನ್ನೂ ಆಗಿರಲಿಲ್ಲ. ಡಾಕ್ಟರು ಎರಡು ಸಲ ಬಂದು ಕೇಳಿಹೋದರು. ಸಲೈನಿನ ಕಂಬವನ್ನು ಸಿಸ್ಟರು ಮಂಚದ ಹತ್ತಿರ ತಂದು ನಿಲ್ಲಿಸಿದರು. ಅದನ್ನು ನೋಡಿ ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಕಡೆ ನೋಡಲಿಲ್ಲ.

ಎರಡೂವರೆ ದಾಟಿತ್ತು. ಬೀಗತಿ ಮಾತಾಡುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. ಕೂಸನ್ನು ಎತ್ತಲಿಲ್ಲ, ಅಲುಗಾಡಲೂ ಇಲ್ಲ. ಆಕೆಯ ಇಳಕಲ್ ಸೀರೆಯ ಮಡಿಲು ನಿಧಾನವಾಗಿ ಕಪ್ಪಾಗಿ, ಮೊಣಕಾಲಿನ ತನಕ ತೊಯ್ದು, ಅಂಚಿನಿಂದ ನೆಲಕ್ಕೆ ಹನಿಯತೊಡಗಿತು. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಲೂ ಅಳುತ್ತಲೂ ಇದ್ದಳು. ಬೀಗತಿ ಆ ತೊಯ್ದ ಸೀರೆಯಲ್ಲಿ ಮಡಿಲಿಗೆ ದೇವರ ಪ್ರಸಾದ ಬಿದ್ದವಳ ಹಾಗೆ ಕೂತಿದ್ದಳು.

ಆ ಹಸಿ ಸೀರೆ ನೋಡಿ ನನಗೆ ಆದ ಹೊಟ್ಟೆಕಿಚ್ಚು ಹಿಂದೆ ಯಾವ ಚಿನ್ನ ನೋಡಿಯೂ ಆಗಿರಲಿಲ್ಲ. ನನ್ನ ಸೀರೆ ಒಣಗಿಯೇ ಇತ್ತು.

“ಬರಕೋರ್ರಿ ಬೀಗತೇರ,” ಅಂದಳು ಆಕೆ. “ಡಾಕ್ಟರ್ ಕೇಳ್ತಾರ. ಎಷ್ಟ ಹೊತ್ತಿಗೆ ಅಂತ ಬರಕೋರ್ರಿ.”

ಗಡಿಯಾರ ನೋಡಿದೆ. ‘ಎರಡು ಮೂವತ್ತೈದು. ಉಚ್ಚೆ, ಬಹಳ’ ಅಂತ ದುಂಡಗೆ ಬರೆದೆ. ಮಂಗಳವಾರದಿಂದ ಆ ಕೂಸಿನ ಬಗ್ಗೆ ನಾನು ಕೊಟ್ಟ ಲೆಕ್ಕದಲ್ಲಿ ಹೆಮ್ಮೆಯಿಂದ ತೋರಿಸಬಹುದಾದ ನಿಜ ಅದೊಂದೇ. ಯಾರ ಮಡಿಲಲ್ಲಿ ಅನ್ನುವುದನ್ನು ಮಾತ್ರ ಬರೆಯಲಿಲ್ಲ.